ನಾಲ್ಕು ವರ್ಷ ಬಳಸಿದ ಮೇಲೆ: ಕ್ಯಾಪ್ಚರ್ ಒನ್‌ನ Skin Tone ಮತ್ತು ಮದುಮಗಳ ಬಿಸಿಲುಗಪ್ಪು

ನಾನು ಮದುವೆ ಫೋಟೊ ತೆಗೆಯುವವಳು. ನಮ್ಮ ಕಡೆಯ ಮದುಮಗಳ ಆಲ್ಬಮ್ ಕೆಲಸಕ್ಕೆ ಕೂತಾಗ ಮೊದಲು ಕಾಣುವುದು ತೋಳಿನ ಗೆರೆ. ವರ್ಷವಿಡೀ ಅರ್ಧ ತೋಳಿನ ಕುರ್ತಾ ಹಾಕಿ ಸ್ಕೂಟಿ ಓಡಿಸಿರುತ್ತಾರೆ. ಮುಹೂರ್ತದ ಸೀರೆಯ ಕುಪ್ಪಸದ ತೋಳು ಅದಕ್ಕಿಂತ ಗಿಡ್ಡ. ಹಾಗಾಗಿ ಮೇಲಿನ ತೋಳು ಒಂದು ಬಣ್ಣ, ಮುಂಗೈ ಇನ್ನೊಂದು ಬಣ್ಣ. ಕುತ್ತಿಗೆಯಲ್ಲಿ ಕೊರಳಪಟ್ಟಿಯ ಗುರುತು. ಇದನ್ನು ಸಮ ಮಾಡುವುದಕ್ಕೇ ನಾನು ಕ್ಯಾಪ್ಚರ್ ಒನ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರ್‌ಗೆ ಬಂದೆ. ಅದರ Color Editor ಒಳಗಿನ Skin Tone ಎಂಬ ಒಂದೇ ಟ್ಯಾಬ್ ಬಗ್ಗೆ ಈ ವಿಮರ್ಶೆ.

ಇದರ ಕೆಲಸ ಹೀಗೆ. ಚೆನ್ನಾಗಿ ಬೆಳಕು ಬಿದ್ದ, ನಮಗೆ ಸರಿ ಎನಿಸಿದ ಚರ್ಮದ ಮೇಲೆ ಪಿಕ್ಕರ್ ಒತ್ತಬೇಕು. ಅದೇ ಗುರಿ ಬಣ್ಣ. ಕೆಳಗೆ Uniformity ಎಂಬ ಭಾಗದಲ್ಲಿ Hue, Saturation, Lightness ಎಂದು ಮೂರು ಸ್ಲೈಡರ್ ಇವೆ. ಅವನ್ನು ಸರಿಸಿದಷ್ಟೂ ಅಕ್ಕಪಕ್ಕದ ಚರ್ಮದ ಬಣ್ಣಗಳು ಗುರಿಯ ಹತ್ತಿರ ಬರುತ್ತವೆ. ಮೂರೂ ಬೇರೆ ಬೇರೆಯಾಗಿ ಸಿಗುವುದೇ ಇದರ ದೊಡ್ಡ ಗುಣ. ಯಾಕೆಂದರೆ ಬಿಸಿಲುಗಪ್ಪು ಮತ್ತು ಬಿಸಿಲಿಗೆ ಸುಟ್ಟ ಕೆಂಪು ಒಂದೇ ತೊಂದರೆಯಲ್ಲ.

ಕಪ್ಪಾಗುವುದು ಮೆಲನಿನ್‌ನಿಂದ. ಅಲ್ಲಿ ಮುಖ್ಯವಾಗಿ ಬೆಳಕು ಇಳಿದಿರುತ್ತದೆ, ಬಣ್ಣ ಸ್ವಲ್ಪ ಕಂದಾಗಿರುತ್ತದೆ. ಸುಟ್ಟ ಕೆಂಪು ಬರುವುದು ಚರ್ಮದ ಕೆಳಗೆ ರಕ್ತದ ಹರಿವು ಹೆಚ್ಚಾಗಿ. ಅಲ್ಲಿ ಬೆಳಕು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಬಣ್ಣ ಮಾತ್ರ ಕೆಂಪಿನ ಕಡೆ ಓಡಿರುತ್ತದೆ. ಆದ್ದರಿಂದ ಕೆಂಪಿಗೆ Hue ಸಾಕು. ಕಪ್ಪಿಗೆ ಬೆಳಕು ಬೇಕು. ಎರಡನ್ನೂ ಒಂದೇ ಲೇಯರ್‌ನಲ್ಲಿ, ಅಂದರೆ ತಿದ್ದುಪಡಿಯ ಒಂದೇ ಪದರದಲ್ಲಿ, ಸರಿ ಮಾಡಲು ಹೋದರೆ ಎರಡೂ ಕೆಡುತ್ತವೆ.

ಮೊದಲ ವರ್ಷ ನಾನು ಅದೇ ತಪ್ಪು ಮಾಡಿದೆ. ಒಬ್ಬ ಮದುಮಗಳ ಕೈಯ ಗೆರೆ ಹೋಗಲಿ ಎಂದು Lightness ಅನ್ನು 60ರ ತನಕ ಎಳೆದೆ. ಗೆರೆ ಹೋಯಿತು, ಕೈಯೂ ಹೋಯಿತು. ಆ ಸ್ಲೈಡರ್ ಕಪ್ಪನ್ನು ಮೇಲಕ್ಕೆ ಎತ್ತುವುದಷ್ಟೇ ಅಲ್ಲ, ಬೆಳಗಿದ ಭಾಗವನ್ನು ಕೆಳಕ್ಕೂ ಇಳಿಸುತ್ತದೆ. ಬೆರಳಿನ ಗಿಣ್ಣು, ನರದ ನೆರಳು, ಮಣಿಕಟ್ಟಿನ ಉಬ್ಬು ಎಲ್ಲ ಮಟ್ಟಸ. ಮೇಣದ ಬೊಂಬೆಯ ಕೈ ಥರ ಆಯಿತು. ಸಾಲದೆಂದು Exposure ಟೂಲ್‌ನ Saturation ಕೂಡ ಇಳಿಸಿದ್ದೆ. ಪ್ರಿಂಟ್‌ನಲ್ಲಿ ಬೂದಿ ಬಳಿದ ಹಾಗಿತ್ತು. ಆ ಹುಡುಗಿಯ ಅಮ್ಮ ಆಲ್ಬಮ್ ನೋಡಿ, ‘ಇದು ನಮ್ಮ ಮಗಳ ಕೈ ಅಲ್ಲಮ್ಮ’ ಎಂದರು. ಎಂಟು ಹಾಳೆ ಮತ್ತೆ ಪ್ರಿಂಟ್ ಮಾಡಿಸಿಕೊಟ್ಟೆ.

ಈಗ ಮಾಡುವ ರೀತಿಯನ್ನು ಕಳೆದ ವರ್ಷದ ಒಂದು ಧಾರೆ ಫೋಟೊದಿಂದ ಹೇಳುತ್ತೇನೆ. ಮದುಮಗಳು ಶಾಲೆಯಲ್ಲಿ ಪಿ.ಟಿ. ಟೀಚರ್. ಮದುವೆಗೆ ನಾಲ್ಕು ದಿನ ಮುಂಚೆಯೂ ಕ್ರೀಡಾಕೂಟಕ್ಕೆ ಮೈದಾನದಲ್ಲಿ ನಿಂತಿದ್ದಳು. ಮುಂಗೈ ಕಪ್ಪು, ಎಡ ಮಣಿಕಟ್ಟಿನಲ್ಲಿ ವಾಚಿನ ಗುರುತು, ಕುತ್ತಿಗೆಯ ಬುಡ ಕೆಂಪು. ‘ಅಕ್ಕ, ಗೆರೆ ಕಾಣ್ದಿದ್ರೆ ಸಾಕು, ಬೆಳ್ಳಗೆ ಮಾಡ್ಬೇಡಿ’ ಎಂದು ಮೊದಲೇ ಹೇಳಿದ್ದಳು.

ಮೊದಲು ವೈಟ್ ಬ್ಯಾಲೆನ್ಸ್ ಸರಿಮಾಡಿದೆ. ಕಲ್ಯಾಣ ಮಂಟಪದ ಹಳದಿ ದೀಪ, ವಿಡಿಯೊದವರ ಬಿಳಿ ಲೈಟ್ ಎರಡೂ ಬೆರೆತರೆ ಗೆರೆ ಇಲ್ಲದ ಕಡೆಯೂ ಗೆರೆ ಕಾಣುತ್ತದೆ. ಆಮೇಲೆ ಆಯಾ ಜಾಗದ ಬಣ್ಣವನ್ನು ಅಂಕಿಯಲ್ಲಿ ತೋರಿಸುವ ಕಲರ್ ರೀಡ್‌ಔಟ್ ಚುಕ್ಕಿಗಳನ್ನು ಮೂರು ಕಡೆ ಇಟ್ಟೆ. ಮೇಲಿನ ತೋಳಿನಲ್ಲಿ ಕೆಂಪು 190, ಹಸಿರು 140. ಮುಂಗೈಯಲ್ಲಿ 138 ಮತ್ತು 98. ಕುತ್ತಿಗೆಯಲ್ಲಿ 196 ಮತ್ತು 118. ಕೆಂಪನ್ನು ಹಸಿರಿನಿಂದ ಭಾಗಿಸಿ ನೋಡಿ. ತೋಳು ಸುಮಾರು 1.36, ಮುಂಗೈ 1.41, ಕುತ್ತಿಗೆ 1.66. ಅಂದರೆ ಮುಂಗೈಯ ಬಣ್ಣ ಹೆಚ್ಚು ಕೆಟ್ಟಿಲ್ಲ, ಬೆಳಕು ಮಾತ್ರ ಕಮ್ಮಿ. ಕುತ್ತಿಗೆಯ ಬೆಳಕು ಸರಿಯಿದೆ, ಬಣ್ಣ ಕೆಟ್ಟಿದೆ.

ಕುತ್ತಿಗೆಗೆ ಒಂದು ಲೇಯರ್. ಮೇಲಿನ ತೋಳಿನಿಂದ ಬಣ್ಣ ಆರಿಸಿ, Hue 45ಕ್ಕೆ ಇಟ್ಟೆ, Saturation 15ಕ್ಕೆ. Lightness ಮುಟ್ಟಲಿಲ್ಲ. ಕೆಂಪು ಸ್ವಲ್ಪ ಉಳಿಯಿತು, ಉಳಿಯಲೇಬೇಕು. ಅದನ್ನೂ ಒರೆಸಿಬಿಟ್ಟರೆ ಕುತ್ತಿಗೆಯಲ್ಲಿ ಜೀವ ಇರುವುದಿಲ್ಲ.

ಮುಂಗೈಗೆ ಇನ್ನೊಂದು ಲೇಯರ್. ಇಲ್ಲಿ ಬೆಳಕನ್ನು Exposure ಸ್ಲೈಡರ್‌ನಿಂದಲೇ ಎತ್ತಿದೆ, ಅರ್ಧ ಸ್ಟಾಪ್‌ಗಿಂತ ಕಮ್ಮಿ. ಅದು ಕಪ್ಪು ಬಿಳುಪು ಎರಡನ್ನೂ ಒಟ್ಟಿಗೆ ಎತ್ತುವುದರಿಂದ ನರ, ಗಿಣ್ಣು ಉಳಿಯುತ್ತವೆ. Uniformityಯ Lightness 12 ಅಷ್ಟೇ. ಕೊನೆಗೆ ಮುಂಗೈ 166 ಮತ್ತು 120ಕ್ಕೆ ಬಂದು ನಿಂತಿತು. ಮೇಲಿನ ತೋಳಿನ 190ಕ್ಕೆ ಒಯ್ಯಲಿಲ್ಲ. ಅರ್ಧ ದಾರಿಯಲ್ಲಿ ಬಿಟ್ಟರೆ ನೋಡುವವರ ಕಣ್ಣು ಅದನ್ನು ನೆರಳು ಎಂದುಕೊಳ್ಳುತ್ತದೆ, ಗೆರೆ ಎಂದಲ್ಲ. ಎತ್ತಿದ ಮೇಲೆ ಚರ್ಮ ಮಂಕಾಗಿ ಕಂಡರೆ Exposure ಟೂಲ್‌ನ Saturation ಒಂದೆರಡು ಅಂಕ ಏರಿಸಬೇಕು, ಇಳಿಸಬಾರದು. ಚರ್ಮದ ಬೆಚ್ಚನೆ ಬಣ್ಣ ಇರುವುದೇ ಅಲ್ಲಿ, ಅಲ್ವಾ?

ಗೆರೆಯ ಅಂಚಿನಲ್ಲಿ ಬ್ರಷ್ ತೀರಾ ಗಟ್ಟಿಯಾಗಿದ್ದರೆ ಹೊಸ ಗೆರೆ ಹುಟ್ಟುತ್ತದೆ, ತೀರಾ ಮೆದುವಾದರೆ ಮೇಲಿನ ತೋಳಿನಲ್ಲಿ ಬಿಳಿ ಪಟ್ಟೆ ಬರುತ್ತದೆ. ನಿಜವಾದ ಗೆರೆ ಒಂದೆರಡು ಬೆರಳಗಲದಲ್ಲಿ ಕರಗಿರುತ್ತದೆ. ಬ್ರಷ್‌ನ ಅಂಚೂ ಅಷ್ಟೇ ಅಗಲದಲ್ಲಿ ಕರಗಬೇಕು. M ಒತ್ತಿ ಮಾಸ್ಕ್, ಅಂದರೆ ಬ್ರಷ್ ಬಳಿದ ಜಾಗ, ನೋಡಿಕೊಂಡೇ ಬಳಿಯುತ್ತೇನೆ. ವಾಚಿನ ಗುರುತು ಮಾತ್ರ ಚೂಪಾಗಿರುತ್ತದೆ, ಅದಕ್ಕೆ ಚಿಕ್ಕ ಗಟ್ಟಿ ಬ್ರಷ್.

ಇನ್ನು ಇದರ ಮಿತಿ. ಟೂಲ್‌ಗೆ ಚರ್ಮ ಯಾವುದು ಎಂದು ಗೊತ್ತಿಲ್ಲ, ಬಣ್ಣ ಮಾತ್ರ ಗೊತ್ತು. ಮದರಂಗಿ, ಚಿನ್ನದ ಬಳೆ, ಸೀರೆಯ ಜರಿ, ಅರಿಶಿಣದ ಕೊಂಬು ಎಲ್ಲವೂ ಚರ್ಮದ ಅಕ್ಕಪಕ್ಕದ ಬಣ್ಣಗಳೇ. Hue ಎಳೆದರೆ ಮೊದಲು ಮಸುಕಾಗುವುದು ಮದರಂಗಿ. ಆ ಟ್ಯಾಬ್‌ನಲ್ಲಿ ಆರಿಸಿದ ಬಣ್ಣವನ್ನು ಮಾತ್ರ ತೋರಿಸಿ ಉಳಿದದ್ದನ್ನು ಕಪ್ಪು ಬಿಳುಪು ಮಾಡುವ ಒಂದು ಟಿಕ್ ಇದೆ. ಅದನ್ನು ಹಾಕಿ ನೋಡಿದರೆ ಏನೇನು ಸಿಕ್ಕಿಬಿದ್ದಿದೆ ಎಂದು ತಿಳಿಯುತ್ತದೆ. ಆಮೇಲೆ ಮದರಂಗಿ ಇರುವ ಅಂಗೈ, ಬಳೆ ಎಲ್ಲ ಅಳಿಸಬೇಕು. ಧಾರೆ ಫೋಟೊದಲ್ಲಿ ಇನ್ನೂ ಕಷ್ಟ, ಒಂದರ ಮೇಲೊಂದು ಐದಾರು ಕೈ ಇರುತ್ತವೆ. ಅಪ್ಪನ ಕೈ, ಗಂಡಿನ ಕೈ ಮಗಳ ಕೈಯ ಬಣ್ಣಕ್ಕೆ ತಿರುಗಬಾರದು. ಮಾಸ್ಕ್ ಬಳಿಯುವುದಕ್ಕೇ ಹತ್ತು ನಿಮಿಷ ಹೋಯಿತು.

ಒಂದು ಫೋಟೊದ ಲೇಯರ್ ಕಾಪಿ ಮಾಡಿ ಇನ್ನೊಂದಕ್ಕೆ ಹಾಕಬಹುದು, ಅಂಕಿಗಳು ಬರುತ್ತವೆ. ಆದರೆ ಕೈ ಇರುವ ಜಾಗ ಬೇರೆ, ಹಾಗಾಗಿ ಬ್ರಷ್ ಕೆಲಸ ಮತ್ತೆ ಮೊದಲಿನಿಂದ. ಆದ್ದರಿಂದ ನಾನು ಆಲ್ಬಮ್‌ಗೆ ಹೋಗುವ ಅರವತ್ತು ಎಪ್ಪತ್ತು ಫೋಟೊಗಷ್ಟೇ ಇದನ್ನು ಮಾಡುತ್ತೇನೆ. ಅಷ್ಟು ಸಮಯ ಇಲ್ಲದವರಿಗೆ, ದಿನಕ್ಕೆ ಸಾವಿರ ಫೋಟೊ ಕೊಡಬೇಕಾದವರಿಗೆ ಈ ಟೂಲ್‌ಗಾಗಿ ದುಡ್ಡು ಹಾಕಿ ಎಂದು ಹೇಳಲಾರೆ. ಆಲ್ಬಮ್‌ನ ಒಂದೊಂದು ಹಾಳೆಗೂ ಕೂರುವವರು ಹಾಕಬಹುದು.

ಪ್ರಿಂಟ್‌ಗೆ ಕಳಿಸುವ ಮೊದಲು ಧಾರೆ ಫೋಟೊ ಒಂದನ್ನು 4x6 ಅಳತೆಯಲ್ಲಿ ತೆಗೆಸಿ ಕಿಟಕಿಯ ಬೆಳಕಿನಲ್ಲಿ ನೋಡಿದೆ. ಸ್ಕ್ರೀನಿನಲ್ಲಿ ಸರಿಯಿದ್ದ ಮುಂಗೈ ಕಾಗದದಲ್ಲಿ ಕೊಂಚ ಕಪ್ಪಗೆ ಬಂದಿತ್ತು. ಅದನ್ನು ಆ ಹುಡುಗಿಗೇ ತೋರಿಸಿದೆ. ತನ್ನ ಕೈಯನ್ನು ಫೋಟೊ ಪಕ್ಕ ಇಟ್ಟು ನೋಡಿ, ‘ಹೀಗೇ ಇರ್ಲಿ ಅಕ್ಕ’ ಎಂದಳು. ಹಾಗೇ ಕಳಿಸಿದೆ.