8888 ತೋರಿಸಿ ಮಾರುವ ಡಿಸ್‌ಪ್ಲೇ ಬೋರ್ಡ್: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ನಾಲ್ಕು ಅಂಕಿಯ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ ಬೋರ್ಡ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿ, ಸ್ಯಾಂಪಲ್ ವಿಡಿಯೊದಲ್ಲಿ ಬರೀ 8888 ತೋರಿಸಿದರೆ ದಯವಿಟ್ಟು ಅಲ್ಲೇ ನಿಲ್ಲಿಸಿ. ನನಗೆ ಅದೇ ವಿಡಿಯೊ ತೋರಿಸಿದ್ದರು. ನಾಲ್ಕೂ ಅಂಕಿ ಒಂದೇ ಸಮ ಹೊಳೆಯುತ್ತಿದ್ದವು. ಅದನ್ನು ನೋಡಿಯೇ ಪೂರ್ತಿ ದುಡ್ಡು ಕೊಟ್ಟೆ.

ನನಗೆ ಬೇಕಿದ್ದದ್ದು ಡ್ರೈಯಿಂಗ್ ಓವನ್ ಒಂದರ ಉಷ್ಣತೆ ತೋರಿಸುವ ಬೋರ್ಡ್. ಎಟಿಮೆಗಾ328ಪಿ ಚಿಪ್, ಕೆಂಪು ಕಾಮನ್ ಕ್ಯಾಥೋಡ್ ಡಿಸ್‌ಪ್ಲೇ, 5 ವೋಲ್ಟ್ ಸಪ್ಲೈ. ಕೋಡೂ ಅವರದೇ. ಬೋರ್ಡ್ ಬಂತು, ಓವನ್‌ಗೆ ಜೋಡಿಸಿದೆ. 118.6 ಅಂತ ಬಂತು. ಎರಡು 1 ಕಣ್ಣು ಕುಕ್ಕುವ ಹಾಗೆ ಉರಿಯುತ್ತಿವೆ, ಪಕ್ಕದ 8 ಮಂಕು, ಕೊನೆಯ 6 ಮತ್ತೆ ಜೋರು. ಮೇಲಿಂದ ಇಡೀ ಡಿಸ್‌ಪ್ಲೇ ನಡುಗುತ್ತಿದೆ. ಓವನ್ ಬಳಸುವವರು ಪಕ್ಕದಲ್ಲೇ ನಿಂತಿದ್ದರು. "ಇದು ಹೊಸದಾ?" ಅಂತ ಕೇಳಿದರು. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ವಿಡಿಯೊ ತೆಗೆದು ಕಳಿಸಿದೆ. ಮೊದಲ ಉತ್ತರ: "ಅದು ನಿಮ್ಮ ಕ್ಯಾಮೆರಾ ಪ್ರಾಬ್ಲಂ ಸರ್, ಮಲ್ಟಿಪ್ಲೆಕ್ಸಿಂಗ್ ಅಂದ್ರೆ ಹಾಗೇ ಕಾಣುತ್ತೆ." ಮಲ್ಟಿಪ್ಲೆಕ್ಸಿಂಗ್ ಅಂದರೆ ಅಂಕಿಗಳನ್ನು ಒಂದಾದ ಮೇಲೊಂದು ಬೇಗ ಬೇಗ ಉರಿಸಿ, ಎಲ್ಲ ಒಟ್ಟಿಗೆ ಉರಿಯುತ್ತಿರುವ ಹಾಗೆ ಕಾಣಿಸುವುದು. ಕ್ಯಾಮೆರಾದಲ್ಲಿ ಮಿನುಗು ಕಾಣುತ್ತದೆ, ಸರಿ. ಆದರೆ ನಾನು ಹೇಳುತ್ತಿರುವುದು ಬರಿಗಣ್ಣಿಗೆ ಕಾಣುವ ನಡುಕ. ಎರಡನೇ ಉತ್ತರ: "1ಕ್ಕೆ ಎರಡೇ ಸೆಗ್ಮೆಂಟ್ ಅಲ್ವಾ, ಅದು ಜಾಸ್ತಿ ಹೊಳೆಯೋದು ನ್ಯಾಚುರಲ್." ಇದನ್ನು ಓದಿದಾಗ ಮೈಯೆಲ್ಲ ಉರಿಯಿತು. ನ್ಯಾಚುರಲ್ ಅಂತೆ! ನೀವು ನೋಡಿರುವ ಯಾವ ಗಡಿಯಾರದಲ್ಲಿ, ಯಾವ ಮೀಟರ್‌ನಲ್ಲಿ 1 ಹೀಗೆ ಉರಿದು 8 ಸತ್ತ ಹಾಗೆ ಇರುತ್ತದೆ?

ಬೋರ್ಡ್ ತಿರುಗಿಸಿ ನೋಡಿದೆ. ರೆಸಿಸ್ಟರ್ ಇದ್ದದ್ದು ನಾಲ್ಕೇ. 330 ಓಮ್‌ನ ನಾಲ್ಕು, ಒಂದೊಂದು ಅಂಕಿಯ ಸೆಗ್ಮೆಂಟ್‌ಗಳೆಲ್ಲ ಸೇರುವ ಕಾಮನ್ ಪಿನ್‌ಗೆ ಒಂದೊಂದು. ಸೆಗ್ಮೆಂಟ್ ಲೈನ್‌ಗಳಲ್ಲಿ ಒಂದೂ ಇಲ್ಲ. ಟ್ರಾನ್ಸಿಸ್ಟರ್ ಹುಡುಕಿದರೂ ಸಿಗಲಿಲ್ಲ.

ಅಲ್ಲೇ ಎಲ್ಲ ಅರ್ಥವಾಯಿತು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 3 ವೋಲ್ಟ್ 330 ಓಮ್ ಮೇಲೆ ಬಿದ್ದರೆ ಸುಮಾರು 9 ಮಿಲಿಆಂಪ್. ರೆಸಿಸ್ಟರ್ ಕಾಮನ್‌ನಲ್ಲಿ ಇದ್ದರೆ ಆ 9 ಮಿಲಿಆಂಪನ್ನು ಆ ಹೊತ್ತು ಉರಿಯುವ ಸೆಗ್ಮೆಂಟ್‌ಗಳೆಲ್ಲ ಹಂಚಿಕೊಳ್ಳಬೇಕು. 1 ಬಂದರೆ ಎರಡು ಸೆಗ್ಮೆಂಟ್, ತಲಾ ನಾಲ್ಕೂವರೆ. 8ರ ಜೊತೆ ಚುಕ್ಕಿಯೂ ಇದ್ದರೆ ಎಂಟು ಎಲ್‌ಇಡಿ, ತಲಾ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಾಲ್ಕು ಪಟ್ಟು ವ್ಯತ್ಯಾಸ! ಇದಕ್ಕೆ ನ್ಯಾಚುರಲ್ ಅನ್ನೋದಾ?

ಈಗ ಆ ವಿಡಿಯೊ ನೆನಪಿಸಿಕೊಳ್ಳಿ. 8888. ನಾಲ್ಕರಲ್ಲೂ ಅಷ್ಟೇ ಸೆಗ್ಮೆಂಟ್, ನಾಲ್ಕಕ್ಕೂ ಅಷ್ಟೇ ಕರೆಂಟ್. ಈ ದೋಷ ಅದರಲ್ಲಿ ಕಾಣೋಕೆ ಸಾಧ್ಯವೇ ಇಲ್ಲ. 1111 ತೋರಿಸಿದರೂ ಕಾಣುವುದಿಲ್ಲ. ಬೇರೆ ಬೇರೆ ಅಂಕಿ ಒಟ್ಟಿಗೆ ಬಂದಾಗಲೇ ಹೊರಬೀಳುತ್ತದೆ. ನಾನು ನಂಬಿದ್ದ ಆ ವಿಡಿಯೊ ಏನನ್ನೂ ತೋರಿಸಿರಲೇ ಇಲ್ಲ. ಇದು ತಲೆಗೆ ಹೋದ ಕ್ಷಣದಲ್ಲಿ ಆದ ಸಿಟ್ಟು ಇನ್ನೂ ಇಳಿದಿಲ್ಲ.

ನಾಲ್ಕೇ ರೆಸಿಸ್ಟರ್ ಯಾಕೆ ಅಂತ ಕೇಳಿದೆ. "ಪಿನ್ ಸೇಫ್ ಆಗಿರಲಿ ಅಂತ." ಅರ್ಧ ನಿಜ. ಸೆಗ್ಮೆಂಟ್‌ಗೊಂದು ರೆಸಿಸ್ಟರ್ ಹಾಕಿದರೆ ಪ್ರತಿಯೊಂದಕ್ಕೂ 9 ಮಿಲಿಆಂಪ್ ಹೋಗುತ್ತದೆ, ಎಂಟೂ ಸೇರಿ ಕಾಮನ್‌ನಲ್ಲಿ 72. ಎಟಿಮೆಗಾದ ಒಂದು ಪಿನ್ ತಾಳುವ ಗರಿಷ್ಠ ಮಿತಿಯೇ 40. ಅದಕ್ಕೇ ಕಾಮನ್‌ಗೆ ಟ್ರಾನ್ಸಿಸ್ಟರ್ ಹಾಕೋದು, ಅಂಕಿಗೊಂದು. 2ಎನ್2222 ಥರದ್ದು ಧಾರಾಳ ಸಾಕು. ನಾಲ್ಕು ಟ್ರಾನ್ಸಿಸ್ಟರ್, ಅವುಗಳ ಬೇಸ್‌ಗೆ ಹಾಕುವುದೂ ಸೇರಿ ಇನ್ನು ಎಂಟು ರೆಸಿಸ್ಟರ್. ಅಷ್ಟನ್ನು ಉಳಿಸೋಕೆ ಹೋಗಿ ನನ್ನ ಬೋರ್ಡ್ ಹಾಳು ಮಾಡಿದರು.

ಇದು ಮುಗಿಯಿತು ಅಂದುಕೊಳ್ಳಬೇಡಿ. ಕೋಡ್ ಕಥೆ ಬೇರೆಯೇ ಇದೆ. ಕೊನೆಯ 6 ಯಾಕೆ ಅಷ್ಟು ಜೋರು? ಅದರಲ್ಲಿ ಆರು ಸೆಗ್ಮೆಂಟ್ ಇವೆ, ರೆಸಿಸ್ಟರ್ ಲೆಕ್ಕದಲ್ಲಿ ಅದೂ ಮಂಕಾಗಬೇಕಿತ್ತು. ಕೋಡ್ ತೆಗೆದು ನೋಡಿದೆ. ಒಂದು ಅಂಕಿ ಉರಿಸು, `delay(5)`, ಮುಂದಿನ ಅಂಕಿ ಉರಿಸು, `delay(5)`. ನಾಲ್ಕನೇ ಅಂಕಿ ಆದ ಮೇಲೆ ಅದನ್ನು ಆರಿಸದೆ ಸೆನ್ಸರ್ ಓದೋಕೆ ಹೋಗುತ್ತದೆ. 64 ಸಲ `analogRead` ಮಾಡಿ ಸರಾಸರಿ ತೆಗೆಯುತ್ತದೆ. ಒಂದು ಸಲಕ್ಕೆ 0.1 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ, ಒಟ್ಟು ಸುಮಾರು 7. ಅಂದರೆ ಮೊದಲ ಮೂರು ಅಂಕಿಗೆ 5 ಮಿಲಿಸೆಕೆಂಡ್, ಕೊನೆಯದಕ್ಕೆ 12. ಒಂದು ಸುತ್ತಿಗೆ 27. ಸೆಕೆಂಡಿಗೆ ಹೆಚ್ಚುಕಡಿಮೆ 37 ಸುತ್ತು. 37 ಹರ್ಟ್ಜ್‌ನಲ್ಲಿ ನಡುಗದೆ ಇನ್ನೇನಾಗುತ್ತದೆ? ಆ ವಿಡಿಯೊದಲ್ಲಿ ಸೆನ್ಸರ್ ಇರಲೇ ಇಲ್ಲ. ಹಾಗಾಗಿ ಇದೂ ಮುಚ್ಚಿಹೋಗಿತ್ತು.

ಇಷ್ಟನ್ನೂ ಲೆಕ್ಕ ಸಮೇತ ಬರೆದು ಕಳಿಸಿದೆ. ಬಂದ ಉತ್ತರ ಒಂದೇ ಸಾಲು: "ರಿಫ್ರೆಶ್ ರೇಟ್ ಜಾಸ್ತಿ ಮಾಡಿ ಸರ್, 5 ಇರೋ ಕಡೆ 1 ಹಾಕಿ, ಎಲ್ಲ ಸರಿಹೋಗುತ್ತೆ."

ಹಾಕಿದೆ. ನಡುಕ ನಿಂತಿತು, ಅದನ್ನು ಒಪ್ಪುತ್ತೇನೆ. ಸುತ್ತು 11 ಮಿಲಿಸೆಕೆಂಡ್‌ಗೆ ಇಳಿಯಿತು, ಅಂದರೆ 90 ಹರ್ಟ್ಜ್ ಮೇಲೆ. ಆದರೆ ಸೆನ್ಸರ್ ಓದುವ 7 ಮಿಲಿಸೆಕೆಂಡ್ ಎಲ್ಲಿಗೂ ಹೋಗಲಿಲ್ಲ. ಮೊದಲ ಮೂರು ಅಂಕಿಗೆ ಒಂದೊಂದು ಮಿಲಿಸೆಕೆಂಡ್, ಕೊನೆಯದಕ್ಕೆ 8! 6 ಕೆಂಡದ ಹಾಗೆ ಉರಿಯತೊಡಗಿತು. 8 ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಮಂಕು. ಲೈಟ್ ಹಾಕಿದ ಕೋಣೆಯಲ್ಲಿ 118.6 ಇದ್ದದ್ದು 11, ಒಂದು ಖಾಲಿ ಜಾಗ, ಆಮೇಲೆ 6 ಅಂತ ಕಾಣಿಸಿತು. ಓವನ್ ಬಳಸುವವರು "ಹನ್ನೊಂದು ಡಿಗ್ರಿನಾ?" ಅಂದರು. ಉಷ್ಣತೆಯನ್ನೇ ತಪ್ಪಾಗಿ ಓದಿಸುವ ಡಿಸ್‌ಪ್ಲೇ ಅದು!

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಈ "ರೇಟ್ ಜಾಸ್ತಿ ಮಾಡಿ" ಅನ್ನೋ ಉತ್ತರ ನಿಮಗೂ ಬರುತ್ತದೆ. ರೇಟ್ ಜಾಸ್ತಿ ಮಾಡಿದರೆ ನಡುಕ ಹೋಗುತ್ತದೆ, ಅಷ್ಟೇ. ಹೊಳಪು ಸಮ ಆಗುವುದಿಲ್ಲ. ಹೊಳಪನ್ನು ನಿರ್ಧರಿಸುವುದು ಒಂದು ಸುತ್ತಿನಲ್ಲಿ ಆ ಅಂಕಿಗೆ ಎಷ್ಟು ಪಾಲು ಸಮಯ ಸಿಕ್ಕಿತು, ಅಷ್ಟು ಹೊತ್ತು ಎಷ್ಟು ಕರೆಂಟ್ ಹರಿಯಿತು ಅನ್ನೋದು. ನಾಲ್ಕು ಅಂಕಿಗೂ ಕಾಲು ಕಾಲು ಪಾಲು ಸಿಗಲೇಬೇಕು. ಹಾಗಂತ ಸುಮ್ನೆ ರೇಟ್ ಏರಿಸುತ್ತಾ ಹೋದರೂ ಕೆಡುತ್ತದೆ. `digitalWrite`ನಲ್ಲಿ ಹನ್ನೆರಡು ಪಿನ್ ಬದಲಿಸೋಕೆ ಹತ್ತಾರು ಮೈಕ್ರೊಸೆಕೆಂಡ್ ಬೇಕು. ಅಂಕಿಗೆ 1 ಮಿಲಿಸೆಕೆಂಡ್ ಇದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅಂಕಿಗೆ 0.1 ಮಿಲಿಸೆಕೆಂಡ್ ಕೊಟ್ಟರೆ ಹೆಚ್ಚುಕಡಿಮೆ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ಇಡೀ ಡಿಸ್‌ಪ್ಲೇಗೆ 100ರಿಂದ 250 ಹರ್ಟ್ಜ್ ಸಾಕು.

ಮತ್ತೆ ಬರೆದೆ. "ಹಾಗಾದ್ರೆ ಸೆನ್ಸರ್ ಓದೋ ಮುಂಚೆ ಕೊನೆ ಅಂಕಿ ಆಫ್ ಮಾಡಿ" ಅಂದರು. ಸಮ ಆಯಿತು, ನಿಜ. ಆದರೆ 11 ಮಿಲಿಸೆಕೆಂಡ್‌ನಲ್ಲಿ 7 ಕತ್ತಲು. ಎಲ್ಲವೂ ಒಟ್ಟಿಗೆ ಮಂಕು. ದುಡ್ಡು ವಾಪಸ್ ಕೇಳಿದ್ದಕ್ಕೆ "ಕಸ್ಟಮ್ ಆರ್ಡರ್ ಸರ್, ವಾಪಸ್ ಇಲ್ಲ. ಎಲ್ಲರಿಗೂ ಇದೇ ಕೊಟ್ಟಿದ್ದೀವಿ, ಯಾರೂ ಕಂಪ್ಲೇಂಟ್ ಮಾಡಿಲ್ಲ."

ಇಂಥದ್ದೇ ನಾಲ್ಕು ರೆಸಿಸ್ಟರ್ ಬೋರ್ಡ್ ನಿಮ್ಮ ಕೈಗೆ ಬಂದಿದ್ದರೆ ಎಸೆಯಬೇಡಿ. ನಾನು ಉಳಿಸಿಕೊಂಡ ದಾರಿ ಇದು. ಅಂಕಿ ಅಂಕಿಯಾಗಿ ಸುತ್ತುವ ಬದಲು ಸೆಗ್ಮೆಂಟ್ ಸೆಗ್ಮೆಂಟ್ ಆಗಿ ಸುತ್ತಿ. ಮೊದಲು ಎ ಸೆಗ್ಮೆಂಟ್ ಮಾತ್ರ ಆನ್, ಯಾವ ಯಾವ ಅಂಕಿಗೆ ಎ ಬೇಕೋ ಅವುಗಳ ಕಾಮನ್ ಎಲ್ಲ ಒಟ್ಟಿಗೆ ಆನ್. ಆಮೇಲೆ ಬಿ, ಹೀಗೆ ಚುಕ್ಕಿಯವರೆಗೆ ಎಂಟು ಹೆಜ್ಜೆ. ಆಗ ಒಂದು ರೆಸಿಸ್ಟರ್ ಹಿಂದೆ ಯಾವ ಹೊತ್ತಿನಲ್ಲೂ ಒಂದೇ ಎಲ್‌ಇಡಿ ಇರುತ್ತದೆ. ಹಂಚಿಕೊಳ್ಳೋದೇ ಇಲ್ಲ. 1 ಆಗಲಿ 8 ಆಗಲಿ, ಸೆಗ್ಮೆಂಟ್‌ಗೆ ಸಿಗುವುದು ಅಷ್ಟೇ.

ಆದರೆ ಒಂದು ಎಚ್ಚರ. ಈಗ ಭಾರ ಸೆಗ್ಮೆಂಟ್ ಪಿನ್ ಮೇಲೆ ಬೀಳುತ್ತದೆ. ನಾಲ್ಕು ಅಂಕಿಗೂ ಅದೇ ಸೆಗ್ಮೆಂಟ್ ಬೇಕಾದರೆ 36 ಮಿಲಿಆಂಪ್, ಮಿತಿಯ ಅಂಚಿಗೇ ಬಂತು. ಅದಕ್ಕೆ ನಾಲ್ಕೂ ರೆಸಿಸ್ಟರ್ ತೆಗೆದು 470 ಓಮ್ ಹಾಕಿದೆ. ಆಗ ಹೆಚ್ಚೆಂದರೆ 25ರ ಹತ್ತಿರ. ಎಂಟರಲ್ಲಿ ಒಂದು ಪಾಲು ಸಮಯ ಆದ್ದರಿಂದ ಹೊಳಪು ಕಮ್ಮಿಯೇ. ಒಳಾಂಗಣಕ್ಕೆ ಸಾಕಾಗುತ್ತದೆ, ಬಿಸಿಲಿಗೆ ಆಗುವುದಿಲ್ಲ.

ಸುತ್ತುವ ಕೆಲಸವನ್ನು ಟೈಮರ್ ಇಂಟರಪ್ಟ್‌ಗೆ ಕೊಟ್ಟೆ. 16 ಮೆಗಾಹರ್ಟ್ಜ್‌ನಲ್ಲಿ ಇದು ಪ್ರತಿ ಮಿಲಿಸೆಕೆಂಡ್‌ಗೆ ಒಂದು ಸಲ ಓಡುತ್ತದೆ, ಎಂಟು ಹೆಜ್ಜೆಗೆ 125 ಹರ್ಟ್ಜ್. ಮೊದಲ ನಾಲ್ಕು ಸಾಲು `setup()` ಒಳಗೆ ಹೋಗಬೇಕು:

```
TCCR2A = _BV(WGM21);
TCCR2B = _BV(CS22);
OCR2A  = 249;
TIMSK2 = _BV(OCIE2A);

ISR(TIMER2_COMPA_vect) {
  allOff();
  s = (s + 1) & 7;
  digitsOn(mask[s]);
  segmentOn(s);
}
```

`mask[s]` ಅಂದರೆ ಆ ಸೆಗ್ಮೆಂಟ್ ಬೇಕಾದ ಅಂಕಿಗಳ ಪಟ್ಟಿ. `ISR` ಒಳಗಿನ ಮೊದಲ ಸಾಲಿನ `allOff()` ಬಿಡಬೇಡಿ. ಬಿಟ್ಟರೆ ಹಿಂದಿನ ಹೆಜ್ಜೆಯ ಬೆಳಕು ಮುಂದಿನದರಲ್ಲಿ ಮಸುಕಾಗಿ ಸೋರಿ, ಆರಿರಬೇಕಾದ ಸೆಗ್ಮೆಂಟ್ ಕೂಡ ಸ್ವಲ್ಪ ಹೊಳೆಯುತ್ತದೆ. ಈಗ ಸೆನ್ಸರ್ ಎಷ್ಟು ಹೊತ್ತಾದರೂ ಓದಲಿ, ಡಿಸ್‌ಪ್ಲೇ ತನ್ನ ಪಾಡಿಗೆ ನಡೆಯುತ್ತಿರುತ್ತದೆ. 118.6 ನಾಲ್ಕೂ ಸಮವಾಗಿ ಕಾಣುತ್ತಿದೆ. ಇದನ್ನು ಅವರು ಮಾಡಿ ಕೊಡಬೇಕಿತ್ತು!

ಹೊಸದಾಗಿ ಮಾಡಿಸುವವರು ಮೂರೇ ವಿಷಯ ನೋಡಿ. ಬೋರ್ಡ್ ಫೋಟೊದಲ್ಲಿ ಸೆಗ್ಮೆಂಟ್‌ಗೊಂದರಂತೆ ಎಂಟು ರೆಸಿಸ್ಟರ್, ಅಂಕಿಗೊಂದರಂತೆ ಟ್ರಾನ್ಸಿಸ್ಟರ್ ಇದೆಯಾ ಎಣಿಸಿ. ಇದಕ್ಕೆಂದೇ ಬರುವ ಡ್ರೈವರ್ ಚಿಪ್ ಇದ್ದರೆ ಅದು ಬೇರೆ ಮಾತು, ಕರೆಂಟನ್ನು ಅದೇ ನೋಡಿಕೊಳ್ಳುತ್ತದೆ. ಆಮೇಲೆ ಸೆನ್ಸರ್ ಓಡುತ್ತಿರುವಾಗಲೇ 118.8 ಅಥವಾ 1.811 ಥರ 1 ಮತ್ತು 8 ಬೆರೆತ ಅಂಕಿ ತೋರಿಸಿ ಅನ್ನಿ. ಬೋರ್ಡ್ ಕೈಯಲ್ಲಿದ್ದರೆ ಅದನ್ನು ಬೇಗ ಬೇಗ ಅತ್ತಿತ್ತ ಅಲ್ಲಾಡಿಸಿ ನೋಡಿ. ರೇಟ್ ತೀರಾ ಕಮ್ಮಿ ಇದ್ದರೆ ಅಂಕಿಗಳು ತುಂಡು ತುಂಡಾಗಿ ದೂರ ದೂರ ಕಾಣುತ್ತವೆ.

ನಾನೂ ಅವರಿಗೆ 1 ಮತ್ತು 8 ಬೆರೆತ ವಿಡಿಯೊ ಕಳಿಸಿ ಅಂತ ಬರೆದೆ, ಅವರ ಬೋರ್ಡ್‌ನಲ್ಲಿ, ಅವರದೇ ಕೋಡ್‌ನಲ್ಲಿ. ಮೆಸೇಜ್ ಓದಿದ್ದಾರೆ. ಉತ್ತರ ಬಂದಿಲ್ಲ. ಅವರ ಪೇಜ್‌ನಲ್ಲಿ ಇವತ್ತಿಗೂ ಅದೇ 8888.