165 ಹರ್ಟ್ಜ್ ಮಾನಿಟರ್, ಐದು ತಿಂಗಳು 60ರಲ್ಲೇ: ಎರಡು ವರ್ಷದ ಬಳಕೆಯ ನಂತರ

ಈ 27 ಇಂಚಿನ ಮಾನಿಟರ್ ಮನೆಗೆ ಬಂದು ಎರಡು ವರ್ಷವಾಯಿತು. 2560×1440 ರೆಸಲ್ಯೂಶನ್, 165 ಹರ್ಟ್ಜ್ ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಬಣ್ಣ ಇಂದಿಗೂ ಮಾಸಿಲ್ಲ, ಒಂದು ಪಿಕ್ಸೆಲ್ ಕೂಡ ಸತ್ತಿಲ್ಲ. ಸ್ಟ್ಯಾಂಡ್ ಮಾತ್ರ ಜೋರಾಗಿ ಟೈಪ್ ಮಾಡಿದರೆ ಅಲುಗಾಡುತ್ತದೆ. ಆದರೆ ಮೊದಲ ಐದು ತಿಂಗಳು ನನಗೆ ಸಿಕ್ಕಿದ್ದು 60 ಹರ್ಟ್ಜ್ ಮಾತ್ರ. ಈ ವಿಮರ್ಶೆ ಬರೆಯುತ್ತಿರುವುದೇ ಅದಕ್ಕಾಗಿ.

ಚಿಕ್ಕಪ್ಪನ ಮಗ ಒಂದು ದಿನ ಬಂದವನು ಮೌಸನ್ನು ಗಿರಗಿರನೆ ತಿರುಗಿಸಿ, "ಅಣ್ಣಾ, ಇದು ಅರವತ್ತರಲ್ಲೇ ಓಡುತ್ತಿದೆ" ಎಂದ. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಕಪ್ಪು ಹಿನ್ನೆಲೆಯ ಮೇಲೆ ಬಾಣದ ಗುರುತನ್ನು ವೇಗವಾಗಿ ಓಡಿಸಿ ತೋರಿಸಿದ. ಬಾಣಗಳು ಬಿಡಿಬಿಡಿಯಾಗಿ, ನಡುವೆ ದೊಡ್ಡ ಅಂತರ ಬಿಟ್ಟು ಕಾಣುತ್ತಿದ್ದವು. 60 ಹರ್ಟ್ಜ್‌ನಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಬರುತ್ತದೆ, 165ರಲ್ಲಿ ಸುಮಾರು 6 ಮಿಲಿಸೆಕೆಂಡಿಗೊಮ್ಮೆ. ಹರ್ಟ್ಜ್ ಹೆಚ್ಚಿದಂತೆ ಬಾಣಗಳ ನಡುವಿನ ಅಂತರ ಕಿರಿದಾಗುತ್ತದೆ.

ಇದಕ್ಕೆ ಕಾರಣ ಮಾನಿಟರಿನ ದೋಷವಲ್ಲ. ಕೇಬಲ್ ಸಿಕ್ಕಿಸಿದ ಕೂಡಲೇ ಮಾನಿಟರ್ ತನಗೆ ಯಾವ ಯಾವ ರೆಸಲ್ಯೂಶನ್, ಯಾವ ವೇಗ ಸಾಧ್ಯ ಎಂಬ ಪಟ್ಟಿಯನ್ನು ಕಂಪ್ಯೂಟರಿಗೆ ಕಳುಹಿಸುತ್ತದೆ. ಆ ಪಟ್ಟಿಯಲ್ಲಿ "ಇದನ್ನು ಮೊದಲು ಬಳಸು" ಎಂದು ಗುರುತು ಮಾಡಿದ ಒಂದು ಸಾಲು ಇರುತ್ತದೆ. ಎಂಥ ಹಳೆಯ ಕಂಪ್ಯೂಟರಿಗೆ ಜೋಡಿಸಿದರೂ ಚಿತ್ರ ಮೂಡಲಿ ಎಂದು ಅನೇಕ ಮಾನಿಟರುಗಳಲ್ಲಿ ಆ ಸಾಲು 60 ಹರ್ಟ್ಜ್‌ನದ್ದೇ. ವಿಂಡೋಸ್ ಅದನ್ನೇ ಹಿಡಿದುಕೊಂಡು ಕೂರುತ್ತದೆ. ಹೆಚ್ಚಿನದನ್ನು ನಾವೇ ಆರಿಸಿಕೊಡಬೇಕು.

ಆರಿಸುವ ಜಾಗ ವಿಂಡೋಸ್ 11ರಲ್ಲಿ ಇಲ್ಲಿದೆ:

```
Settings > System > Display > Advanced display
Choose a refresh rate
```

ಎರಡು ಪರದೆಗಳಿದ್ದರೆ ಆ ಪುಟದ ಮೇಲ್ಭಾಗದಲ್ಲಿ ಸರಿಯಾದ ಪರದೆಯನ್ನು ಆರಿಸಿಕೊಂಡಿದ್ದೀರಾ ಎಂದು ಮೊದಲು ನೋಡಿಕೊಳ್ಳಿ. ಬದಲಾಯಿಸಿದ ಮೇಲೆ ಪರದೆ ಕಪ್ಪಾದರೆ ಗಾಬರಿ ಬೇಡ, ಏನನ್ನೂ ಒತ್ತದೆ ಸುಮ್ಮನಿದ್ದರೆ ಸ್ವಲ್ಪ ಹೊತ್ತಿನಲ್ಲಿ ಹಳೆಯ ವೇಗಕ್ಕೇ ಮರಳುತ್ತದೆ.

ನಾನು ಆ ಪಟ್ಟಿಯನ್ನು ತೆರೆದಾಗ 144 ಕಂಡಿತು, 165 ಇರಲಿಲ್ಲ. ಆಗ ಅರ್ಥವಾದ ಸಂಗತಿಯೇ ಈ ಎರಡು ವರ್ಷದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು: ಬೇಕಾದ ಸಂಖ್ಯೆ ಪಟ್ಟಿಯಲ್ಲಿದ್ದರೆ ಅದನ್ನು ಆರಿಸಿದರೆ ಮುಗಿಯಿತು. ಪಟ್ಟಿಯಲ್ಲೇ ಇಲ್ಲದಿದ್ದರೆ ಕೇಬಲ್ ಮತ್ತು ಪೋರ್ಟ್ ಕಡೆ ಹೋಗಬೇಕು, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಫಲವಿಲ್ಲ.

ಲೆಕ್ಕ ಹಾಕಿ ನೋಡಿದೆ. 2560ನ್ನು 1440ರಿಂದ ಗುಣಿಸಿದರೆ ಸುಮಾರು 37 ಲಕ್ಷ ಪಿಕ್ಸೆಲ್, ಪ್ರತಿಯೊಂದಕ್ಕೂ 24 ಬಿಟ್. ಸೆಕೆಂಡಿಗೆ 165 ಚಿತ್ರಗಳೆಂದರೆ 14.6 ಗಿಗಾಬಿಟ್. ನಾನು ಅಲ್ಲಿಯವರೆಗೆ ಬಳಸುತ್ತಿದ್ದ ಎಚ್‌ಡಿಎಂಐ 2.0 ಪೋರ್ಟ್ ಚಿತ್ರಕ್ಕೆಂದು ಸಾಗಿಸಬಲ್ಲದ್ದು 14.4 ಮಾತ್ರ. 144 ಹರ್ಟ್ಜ್‌ಗೆ ಬೇಕಾದ 12.7 ಅದರಲ್ಲಿ ಹಿಡಿಸುತ್ತದೆ, 165 ಹಿಡಿಸುವುದಿಲ್ಲ. ಡಿಸ್‌ಪ್ಲೇ ಪೋರ್ಟ್ 1.2 ಆದರೆ 17.28 ಗಿಗಾಬಿಟ್ ಸಾಗಿಸುತ್ತದೆ. ಪೆಟ್ಟಿಗೆಯೊಳಗೇ ಬಂದಿದ್ದ ಡಿಸ್‌ಪ್ಲೇ ಪೋರ್ಟ್ ಕೇಬಲ್ ಹಾಕಿದೆ, ಪಟ್ಟಿಯ ತುದಿಯಲ್ಲಿ 165 ಬಂದು ನಿಂತಿತು. ಜೊತೆಗೆ ಕೊಟ್ಟ ಕೈಪಿಡಿಯಲ್ಲಿ ಈ ಮಾತಿಗೆ ಒಂದು ಸಾಲನ್ನೂ ಮೀಸಲಿಟ್ಟಿಲ್ಲ. ಅದಕ್ಕೇ ಒಂದು ನಕ್ಷತ್ರ ಕಡಿಮೆ ಕೊಟ್ಟಿದ್ದೇನೆ.

ಕಚೇರಿಯ ಹಳೆಯ ಲ್ಯಾಪ್‌ಟಾಪನ್ನು ಇದೇ ಮಾನಿಟರಿಗೆ ಜೋಡಿಸಿದಾಗ 60ರ ಆಚೆ ಏನೂ ತೋರುವುದಿಲ್ಲ. ಅದರಲ್ಲಿರುವುದು ಎಚ್‌ಡಿಎಂಐ 1.4, ಚಿತ್ರಕ್ಕೆ 8 ಗಿಗಾಬಿಟ್‌ನ ಆಸುಪಾಸು. ಎಷ್ಟು ದುಬಾರಿ ಕೇಬಲ್ ತಂದರೂ ಅಲ್ಲಿ 165 ಬರುವುದಿಲ್ಲ, ಏಕೆಂದರೆ ಮಿತಿ ಇರುವುದು ಲ್ಯಾಪ್‌ಟಾಪಿನ ಪೋರ್ಟ್‌ನಲ್ಲಿ. ಡೆಸ್ಕ್‌ಟಾಪ್ ಇರುವವರು ಇನ್ನೊಂದನ್ನು ನೋಡಬೇಕು: ಕೇಬಲ್ ಮದರ್‌ಬೋರ್ಡಿನ ಪೋರ್ಟಿಗೆ ಹೋಗಿದೆಯೋ, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆಯೋ ಎಂದು.

ಗ್ರಾಫಿಕ್ಸ್ ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿದಾಗ ನನ್ನದು ಎರಡು ಸಲ ಸದ್ದಿಲ್ಲದೆ 60ಕ್ಕೆ ಇಳಿದಿತ್ತು. ಹಾಗಾಗಿ ಡ್ರೈವರ್ ಬದಲಾದ ದಿನ ಮಾನಿಟರಿನ ಕೆಳಗಿನ ಗುಂಡಿ ಒತ್ತಿ, ಅದರ ಸ್ವಂತ ಮೆನುವಿನಲ್ಲಿ ಮಾಹಿತಿ ಪುಟ ತೆರೆಯುತ್ತೇನೆ. ಈಗ ಬರುತ್ತಿರುವ ಸಿಗ್ನಲ್ ಎಷ್ಟು ಹರ್ಟ್ಜ್ ಎಂಬುದು ಅಲ್ಲಿ ಇರುತ್ತದೆ.