ಬೆಡ್‌ರೂಮ್ ಗೋಡೆಗೆ ಬೂಷ್ಟು ಹಿಡಿದಿದೆಯಾ? ಪೇಂಟ್ ಮಾಡಿಸುವ ಮೊದಲು ಇದನ್ನು ಓದಿ

ಮಳೆಗಾಲಕ್ಕೆ ಮೊದಲು ಗೋಡೆಯ ಶೀತಕ್ಕೆ ಪೇಂಟ್ ಮಾಡಿಸಿಬಿಡೋಣ ಅಂದುಕೊಂಡವರು ಸ್ವಲ್ಪ ತಡೆಯಿರಿ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಒಂದೇ ಬೆಡ್‌ರೂಮಿಗೆ 28 ಸಾವಿರ ರೂಪಾಯಿ ಹೋಯಿತು. ಆರಿದ್ರಾ ಮಳೆ ಹಿಡಿಯುತ್ತಿದ್ದ ಹಾಗೆ ಹೊಸ ಬಣ್ಣ ಹಪ್ಪಳದ ಹಾಗೆ ಉಬ್ಬಿ ನಿಂತಿತು. ಒಂದು ಗುಳ್ಳೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಒಳಗಿಂದ ನೀರು ಜಿನುಗಿ ಮೊಣಕೈವರೆಗೆ ಇಳಿಯಿತು.

ಕೆಲಸ ಹಿಡಿದ ಕಂಟ್ರಾಕ್ಟರ್ ಬಂದಿದ್ದು ಮೇ ತಿಂಗಳಲ್ಲಿ, ಗೋಡೆ ಒಣಗಿದ್ದಾಗ. ಒಳಗೆ ನಿಂತು ಬೆರಳಲ್ಲಿ ಎರಡು ಸಲ ತಟ್ಟಿ ನೋಡಿ, "ಮಲೆನಾಡಲ್ಲಿ ಎಲ್ಲರ ಮನೆಲೂ ಇದ್ದಿದ್ದೇ ಸಾರ್, ಡ್ಯಾಂಪ್‌ಪ್ರೂಫ್ ಹೊಡೆದ್ರೆ ಮುಗೀತು" ಅಂದರು. ಮನೆಯ ಹೊರಗೆ ಹೋಗಿ ಆ ಗೋಡೆಯ ಇನ್ನೊಂದು ಮುಖವನ್ನು ನೋಡಲೇ ಇಲ್ಲ. ಹಳೇ ಬಣ್ಣ ಕೆರೆದು, ಎರಡು ಕೋಟ್ ಡ್ಯಾಂಪ್‌ಪ್ರೂಫ್, ಮೇಲೆ ಪುಟ್ಟಿ, ಅದರ ಮೇಲೆ ಎಮಲ್ಷನ್ ಹೊಡೆದರು. ಐದು ವರ್ಷದ ವಾರಂಟಿ ಕಾರ್ಡನ್ನೂ ಕೊಟ್ಟರು. ಬಣ್ಣ ಎದ್ದ ಮೇಲೆ ಆ ಕಾರ್ಡ್ ತೋರಿಸಿದರೆ, ಹೊರಗಿನಿಂದ ಬರುವ ನೀರಿಗೂ ಪೈಪ್ ಸೋರಿಕೆಗೂ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿದ್ದ ಸಾಲನ್ನು ತೋರಿಸಿದರು. ಇನ್ನು ನೀರು ಬರೋದು ಎಲ್ಲಿಂದ ಅಂತೀರಿ?

ನೀರು ಹೊರಗಿಂದ ಬರುತ್ತಿರುವಾಗ ಒಳಗೆ ಗಟ್ಟಿಯಾಗಿ ಬಳಿದರೆ ಏನಾಗುತ್ತದೆ ಅಂದರೆ, ಮೊದಲು ಗೋಡೆಯಿಂದ ರೂಮಿಗೆ ನಿಧಾನಕ್ಕೆ ಆರಿ ಹೋಗುತ್ತಿದ್ದ ತೇವಕ್ಕೆ ದಾರಿ ಮುಚ್ಚುತ್ತದೆ. ಅದು ಬಣ್ಣದ ಹಿಂದೆಯೇ ಕೂತು ಪುಟ್ಟಿಯನ್ನು ಮೆತ್ತಗೆ ಮಾಡುತ್ತದೆ, ಜೊತೆಗೆ ಇಟ್ಟಿಗೆ, ಸಿಮೆಂಟಿನ ಉಪ್ಪನ್ನೂ ಎಳೆದು ತರುತ್ತದೆ. ಹಾಗಾಗಿ ಮೊದಲು ಬರೀ ಕಲೆ ಇದ್ದ ಜಾಗದಲ್ಲಿ ಈಗ ಚಕ್ಕೆ ಏಳೋದಕ್ಕೆ ಶುರುವಾಗುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಪಕ್ಕದ ಬೀದಿಯ ಒಬ್ಬ ಹಳೇ ಗಾರೆ ಮೇಸ್ತ್ರಿ. ಅವರು ಬಣ್ಣದ ಮಾತೇ ಎತ್ತಲಿಲ್ಲ. ಕಲೆ ಎಲ್ಲಿಂದ ಶುರುವಾಗಿ ಎಲ್ಲಿ ನಿಂತಿದೆ, ಯಾವಾಗ ಜಾಸ್ತಿ ಆಗುತ್ತದೆ ಅಂತ ಕೇಳಿದರು. ನಮ್ಮ ಕಲೆ ಕಿಟಕಿಯ ಮೇಲಿನ ಮೂಲೆಯಿಂದ ಶುರುವಾಗಿ ಮಂಚದ ಎತ್ತರಕ್ಕೆ ಬರುವಷ್ಟರಲ್ಲಿ ಸಣ್ಣಗಾಗುತ್ತಿತ್ತು. ಅಡಿಯ ಸ್ಕರ್ಟಿಂಗ್ ಒಣಗಿಯೇ ಇತ್ತು. ನೆಲದಿಂದ ಏರುವ ಶೀತವಾದರೆ ಕೆಳಗಡೆಯೇ ಜಾಸ್ತಿ ಇರುತ್ತದೆ, ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸಿನಲ್ಲಿ ಬಿಳಿ ಉಪ್ಪಿನ ಗೆರೆ ಬಿಟ್ಟು ನಿಲ್ಲುತ್ತದೆ. ಪೈಪ್ ಒಡೆದಿದ್ದರೆ ಬೇಸಿಗೆಯಲ್ಲೂ ಒದ್ದೆ ಇರಬೇಕು, ನಮ್ಮಲ್ಲಿ ಅದೂ ಇರಲಿಲ್ಲ. ನೇರ ಸುರಿಯುವ ಮಳೆಗೆ ಏನೂ ಆಗುತ್ತಿರಲಿಲ್ಲ. ಪಡುವಣ ಗಾಳಿಯ ಎರಚಲು ಶುರುವಾದ ಮಾರನೇ ದಿನ ಕಲೆ ಕಪ್ಪಾಗುತ್ತಿತ್ತು. ಅಲ್ಲಿಗೆ ಅನುಮಾನ ಹೊರಗೋಡೆಯ ಮೇಲೆ ನಿಂತಿತು.

ಹಳೇ ಮನೆಗಳಲ್ಲಿ ಪಡುವಣ ಗೋಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಮಾಡು ಕೂಡ ಗೋಡೆಯಿಂದ ಎಷ್ಟೋ ಮುಂದಕ್ಕೆ ಚಾಚಿರುತ್ತಿತ್ತು. ಈಗಿನ ಡಬ್ಬಿಯಂಥ ಮನೆಗಳಿಗೆ ಎರಡಡಿಯ ಸಜ್ಜಾ ಇದ್ದರೆ ಅದೇ ದೊಡ್ಡದು.

ನೀರು ಗೋಡೆಯ ಯಾವ ಜಾಗದಿಂದ ಬರುತ್ತಿದೆ ಅಂತ ಗೊತ್ತಾಗಿದ್ದು ಮಳೆ ನಿಂತು ಗೋಡೆ ಆರಿದ ಮೇಲೆ. ಮೇಸ್ತ್ರಿ ತೋಟಕ್ಕೆ ನೀರು ಬಿಡುವ ಪೈಪ್ ಹಿಡಿದು ಹೊರಗೆ ನಿಂತರು, ನಾನು ಟಾರ್ಚ್ ಹಿಡಿದು ಒಳಗೆ. ಈ ಪರೀಕ್ಷೆಯನ್ನು ಕೆಳಗಿಂದ ಮೇಲಕ್ಕೆ ಮಾಡಬೇಕು. ಮೇಲಿಂದ ಶುರು ಮಾಡಿದರೆ ನೀರು ಇಡೀ ಗೋಡೆ ಮೇಲೆ ಇಳಿದು, ಯಾವ ಜಾಗದಿಂದ ಒಳಗೆ ಬಂತು ಅನ್ನೋದೇ ತಿಳಿಯುವುದಿಲ್ಲ. ಜೋರಾಗಿ ಚಿಮ್ಮಿಸದೆ ಮೊದಲು ಕಿಟಕಿಯ ಕೆಳಗೆ, ಆಮೇಲೆ ಫ್ರೇಮಿನ ಎರಡು ಬದಿಗೆ, ಒಂದೊಂದು ಜಾಗಕ್ಕೂ ಸುಮಾರು 20 ನಿಮಿಷ ಬಿಟ್ಟರು. ಒಳಗೆ ಏನೂ ಇಲ್ಲ. ಕೊನೆಗೆ ಸಜ್ಜಾದ ಮೇಲೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಕಿಟಕಿಯ ಮೂಲೆಯಲ್ಲಿ ನಾಣ್ಯದಷ್ಟು ಜಾಗ ಕಪ್ಪಾಯಿತು, ನೋಡ್ತಾ ನೋಡ್ತಾ ಅಂಗೈಯಷ್ಟಾಯಿತು.

ಏಣಿ ಹಾಕಿ ನೋಡಿದರೆ ಸಜ್ಜಾದ ಮೇಲೆ ಸಿಲ್ವರ್ ಮರದ ಎಲೆ ಕೊಳೆತು ಪಾಚಿ ಕಟ್ಟಿತ್ತು. ಅದನ್ನು ಕೆರೆದಾಗ ನಿಜವಾದ ತಪ್ಪು ಕಂಡಿತು: ವಾಟ ಹೊರಗೆ ಇರುವ ಬದಲು ಗೋಡೆ ಕಡೆಗಿತ್ತು. ಎರಚಲಲ್ಲಿ ಬಿದ್ದ ನೀರೆಲ್ಲ ಗೋಡೆಗೆ ತಾಗಿ ನಿಂತು, ಸಜ್ಜಾ ಗೋಡೆಗೆ ಸೇರುವ ಕಡೆ ಇದ್ದ ಕೂದಲೆಳೆಯಷ್ಟು ಬಿರುಕಿನಿಂದ ಒಳಗೆ ಇಳಿಯುತ್ತಿತ್ತು.

ಸರಿ ಮಾಡಿದ ಕೆಲಸ ದೊಡ್ಡದೇನಲ್ಲ. ಬಿರುಕನ್ನು ವಿ ಆಕಾರದಲ್ಲಿ ಕಡಿದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿದರು. ಗೋಡೆ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಿದರು. ವಾಟವನ್ನು ಹೊರಕ್ಕೆ ತಿರುಗಿಸಿ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಕೊಟ್ಟರು. ಸಜ್ಜಾದ ಅಡಿ ಅಂಚಿನಲ್ಲಿ ಉದ್ದಕ್ಕೆ ಒಂದು ಸಣ್ಣ ತೋಡು ಕೊರೆದರು. ಅದಿಲ್ಲದಿದ್ದರೆ ಅಂಚಿಗೆ ಬಂದ ನೀರು ಅಲ್ಲೇ ಉದುರದೆ ಅಡಿಮೈ ಹಿಡಿದು ವಾಪಸ್ ಗೋಡೆಗೇ ಬರುತ್ತದೆ. ಎಲ್ಲ ಸೇರಿ, ಪೇಂಟಿಗೆ ಕೊಟ್ಟಿದ್ದರ ಕಾಲು ಭಾಗವೂ ಆಗಲಿಲ್ಲ.

ಆದರೆ ಕಾರಣ ಸಿಕ್ಕ ಕೂಡಲೇ ಬಣ್ಣ ಬಳಿಯೋ ಹಾಗಿಲ್ಲ. ಒಳಗಿನ ಮೆತ್ತಗಾದ ಪ್ಲಾಸ್ಟರ್ ಕಿತ್ತು, ಗೋಡೆಯನ್ನು ಬರಿದೇ ಬಿಟ್ಟು ಒಣಗಿಸಬೇಕು. ನೆನೆದ ಗೋಡೆ ಒಂದು ಇಂಚು ಒಣಗೋದಕ್ಕೆ ಸುಮಾರು ಒಂದು ತಿಂಗಳು ಅನ್ನೋದು ಕಟ್ಟಡದವರ ಅಂದಾಜು. ಒಂಬತ್ತು ಇಂಚಿನ ಗೋಡೆಗೆ ನಮ್ಮೂರಿನ ಇಡೀ ಬೇಸಿಗೆಯೂ ಸಾಲದೆ ಹೋಗಬಹುದು. ಕಣ್ಣಿಗೆ ಒಣಗಿದ ಹಾಗೆ ಕಂಡರೂ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ತೆಗೆದು ನೋಡಿ. ಗೋಡೆ ಕಡೆಯ ಮುಖದಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು.

ಇದೇ ಹಾಳೆಯ ಪರೀಕ್ಷೆ ಇನ್ನೊಂದು ವಿಷಯವನ್ನೂ ತೋರಿಸಿತು. ಉತ್ತರದ ಗೋಡೆಯಲ್ಲಿ ಬೀರುವಿನ ಹಿಂದೆಯೂ ಬೂಷ್ಟು ಇತ್ತು. ಅದೂ ಸೋರಿಕೆಯೇ ಅಂತ ಕಂಟ್ರಾಕ್ಟರ್ ಅದಕ್ಕೂ ಡ್ಯಾಂಪ್‌ಪ್ರೂಫ್ ಹೊಡೆದಿದ್ದರು. ಮಳೆ ಹಿಡಿದಾಗ ಹಾಳೆ ಅಂಟಿಸಿ ನೋಡಿದರೆ ಗೋಡೆ ಕಡೆ ಒಣ, ರೂಮ್ ಕಡೆಯ ಮುಖ ಒದ್ದೆ! ಅಂದರೆ ನೀರು ಬರುತ್ತಿದ್ದದ್ದು ರೂಮಿನ ಗಾಳಿಯಿಂದ. ಬಿಸಿಲಿಲ್ಲದ ವಾರಗಳಲ್ಲಿ ಕಿಟಕಿ ಮುಚ್ಚಿ ಬಟ್ಟೆಯೆಲ್ಲ ಅದೇ ರೂಮಲ್ಲಿ ಹರವುತ್ತಿದ್ದೆವು. ಆ ತೇವ, ಗಾಳಿ ಆಡದ ತಣ್ಣನೆ ಗೋಡೆಗೆ ಕೂರುತ್ತಿತ್ತು. ಬೀರುವನ್ನು ನಾಲ್ಕು ಇಂಚು ಮುಂದೆ ಎಳೆದು, ಬಟ್ಟೆಯನ್ನು ಒಲೆ ಇರುವ ಬಚ್ಚಲ ಕಡೆಗೆ ಸಾಗಿಸಿದ ಮೇಲೆ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ, ಸತತ ಮಳೆಯಲ್ಲಿ ಮೂಲೆಯಲ್ಲಿ ಚುಕ್ಕಿ ಬೀಳುತ್ತದೆ, ಒರೆಸುತ್ತೇವೆ.

ಒರೆಸುವಾಗ ಒಣ ಬ್ರಷ್‌ನಲ್ಲಿ ಉಜ್ಜಬೇಡಿ, ಬೂಷ್ಟಿನ ಪುಡಿ ರೂಮೆಲ್ಲ ಹಾರುತ್ತದೆ. ದಮ್ಮು ಇರುವವರನ್ನು ಹೊರಗೆ ಕಳಿಸಿ, ಮಾಸ್ಕ್ ಹಾಕಿ, ಕಿಟಕಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ. ದ್ರವ ಬ್ಲೀಚ್ ಬಳಸುವುದಾದರೆ ಒಂದು ಲೋಟಕ್ಕೆ ಸುಮಾರು 15 ಲೋಟ ನೀರು ಸಾಕು. ಅದಕ್ಕೆ ಟಾಯ್ಲೆಟ್ ಕ್ಲೀನರ್ ಮಾತ್ರ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಪೇಂಟ್‌ನವರು ಎಸ್ಟಿಮೇಟ್ ಕೊಟ್ಟಾಗ, ನೀರು ಎಲ್ಲಿಂದ ಬರುತ್ತಿದೆ ಅನ್ನೋದನ್ನು ಅದರಲ್ಲೇ ಒಂದು ಸಾಲು ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕಿದರೆ ಅಡ್ವಾನ್ಸ್ ಕೊಡಬೇಡಿ.